ಠರಾವು ಪಾಸಾದ ನಿಮಿಷ ಯಾವುದು?

2022ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಹೆಸರು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು. ಕರ್ನಾಟಕ ಸೇರುತ್ತೇವೆಂದು ಇಲ್ಲಿನ ಪಂಚಾಯಿತಿಗಳು ಠರಾವು ಮಾಡಿವೆ ಎಂದು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹೇಳಿದರು. ಅದು ಈಗಿನದ್ದಲ್ಲ, ನೀರಿನ ತೊಂದರೆಗೆ ಬೇಸತ್ತು 2012ರಲ್ಲಿ ಮಾಡಿದ್ದು ಎಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಉತ್ತರಿಸಿದರು. ಗಡಿಯ ವಾದ ಅದರ ಪಾಡಿಗಿರಲಿ. ಈ ಅಂಕಣಕ್ಕೆ ಬೇಕಾದದ್ದು ಬೇರೆ: ಊರಿನ ಸಭೆಯಲ್ಲಿ ಯಾವ ಮಾತು ಯಾವ ದಿನ ಆಯಿತು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು ಎಂಬುದನ್ನು ಧ್ವನಿಯಲ್ಲಿ ಹಿಡಿದಿಡುವುದು ಹೇಗೆ?

ಜತ್ತದ ಪೂರ್ವಭಾಗಕ್ಕೆ ಈ ಪ್ರಶ್ನೆ ಹೆಚ್ಚು ಒಪ್ಪುತ್ತದೆ. ಸಂಖ, ಉಮದಿ, ಗುಡ್ಡಾಪುರದ ಕಡೆ ಜನ ಮಾತಾಡುವುದು ಕನ್ನಡ. ಸರಕಾರಿ ದಫ್ತರದ ಭಾಷೆ ಮರಾಠಿ. ಮಹಾರಾಷ್ಟ್ರದಲ್ಲಿ ವರ್ಷಕ್ಕೆ ಕನಿಷ್ಠ 4 ಗ್ರಾಮಸಭೆ ನಡೆಯಬೇಕು. ಅಲ್ಲಿ ಕನ್ನಡದಲ್ಲಿ ಅರ್ಧ ಗಂಟೆ ಕಾವೇರಿದ ಚರ್ಚೆ ಪ್ರೊಸೀಡಿಂಗ್ ಬುಕ್ಕಿಗೆ ಇಳಿಯುವಾಗ ಮರಾಠಿಯ ಎರಡು ಸಾಲಾಗುತ್ತದೆ. ಬರೆಯುವವರ ತಪ್ಪೇನಿಲ್ಲ, ಕಲಾಪ ಬರೆಯುವ ಪದ್ಧತಿಯೇ ಹಾಗೆ. ಆದರೆ ಆಡಿದ ಮಾತಿಗೂ ಬರೆದ ಮಾತಿಗೂ ನಡುವೆ ಒಂದು ಅನುವಾದ ಕೂತಿರುವ ಕಡೆ ಮೂಲಧ್ವನಿಗೆ ಬೆಲೆ ಬರುತ್ತದೆ.

ಎಲ್ಲರ ಕಿಸೆಯಲ್ಲೂ ಮೊಬೈಲ್ ಇದೆ, ಅದರಲ್ಲಿ ರೆಕಾರ್ಡರ್ ಇದೆ. ಹಾಗಿದ್ದೂ ಹತ್ತು ಮಂದಿ ಹಿಡಿದ ಸಭೆಯಲ್ಲಿ ಕೇಳಲು ಯೋಗ್ಯವಾದ ಒಂದು ಫೈಲೂ ಸಿಗದೆ ಹೋಗಬಹುದು. ಕಾರಣ ದೂರ. ಮಾತಾಡುವವರಿಂದ ಮೈಕಿನ ದೂರ ಇಮ್ಮಡಿಯಾದರೆ ಧ್ವನಿಯ ಒತ್ತಡ ಅರ್ಧಕ್ಕಿಳಿಯುತ್ತದೆ. ತಲೆಯ ಮೇಲಿನ ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಹಿಂದಿನ ಸಾಲಿನಲ್ಲಿ ಕೂತು ಹಿಡಿದದ್ದರಲ್ಲಿ ಫ್ಯಾನೇ ಅಧ್ಯಕ್ಷತೆ ವಹಿಸಿರುತ್ತದೆ.

ಮಂಟಪದಲ್ಲಿ ಧ್ವನಿವರ್ಧಕವಿದ್ದರೆ ಇನ್ನೊಂದು ಎಡವಟ್ಟು. ವೇದಿಕೆಯವರ ಮಾತು ಚೆನ್ನಾಗಿ ಬರುತ್ತದೆ, ಕೆಳಗಿನಿಂದ ಮೈಕಿಲ್ಲದೆ ಎದ್ದು ನಿಂತು ಕೇಳಿದವರ ಪ್ರಶ್ನೆ ಮಾಯವಾಗುತ್ತದೆ. ಗ್ರಾಮಸಭೆಯಲ್ಲಿ ಬೇಕಾದದ್ದು ಆ ಪ್ರಶ್ನೆಗಳೇ. ಆದ್ದರಿಂದ ಎರಡು ಫೋನು ಇಡುವುದು ಒಳ್ಳೆಯದು, ಒಂದು ಸರಪಂಚರ ಮೇಜಿನ ಮೇಲೆ, ಇನ್ನೊಂದು ಜನರ ನಡುವೆ. ಎರಡೂ ಶುರುವಾದ ಮೇಲೆ ಒಬ್ಬರು ಜೋರಾಗಿ ಒಮ್ಮೆ ಚಪ್ಪಾಳೆ ತಟ್ಟಬೇಕು. ಆಮೇಲೆ ಎರಡು ಫೈಲುಗಳನ್ನು ಹೊಂದಿಸಿಕೊಳ್ಳಲು ಆ ಸದ್ದೇ ಗುರುತು. ಫೋನಿನ ಕೆಳಗೆ ಮಡಿಚಿದ ಟವೆಲ್ ಇದ್ದರೆ ಮೇಜು ಬಡಿದ ಸದ್ದು ಅಷ್ಟಾಗಿ ಒಳಗೆ ಬರುವುದಿಲ್ಲ. ಏರ್‌ಪ್ಲೇನ್ ಮೋಡ್ ಹಾಕದೆ ಇಟ್ಟರೆ ಮಧ್ಯೆ ಬಂದ ಒಂದು ಕರೆಗೆ ಎಷ್ಟೋ ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಬಿಡುತ್ತದೆ. ಸಭೆ ಸಾರ್ವಜನಿಕವೇ ಆದರೂ, ಧ್ವನಿ ಹಿಡಿಯುತ್ತಿದ್ದೇವೆ ಎಂದು ಮೊದಲೇ ಎಲ್ಲರಿಗೂ ಕೇಳುವಂತೆ ಹೇಳುವುದು ಮರ್ಯಾದೆ.

ಹಿಡಿದದ್ದನ್ನು ಬರಹಕ್ಕೆ ಇಳಿಸುವ ಕಷ್ಟ ಒಂದು ಗಂಟೆಯ ಸಭೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ತಿಳಿಯುತ್ತದೆ. ಕೈಯಲ್ಲಿ ಪೂರ್ತಿ ಬರೆದುಕೊಳ್ಳಲು ರೂಢಿಯಿದ್ದವರಿಗೂ 4 ಗಂಟೆ ಬೇಕು; ಒಬ್ಬರ ಮೇಲೊಬ್ಬರು ಮಾತಾಡಿದ್ದರೆ ಇನ್ನೂ ಹೆಚ್ಚು. ಗೂಗಲ್‌ನ ವಾಯ್ಸ್ ಟೈಪಿಂಗ್ 2017ರಿಂದ ಕನ್ನಡ ಬರೆಯುತ್ತಿದೆ. ಓಪನ್‌ಎಐ 2022ರಲ್ಲಿ ಹೊರತಂದ ವಿಸ್ಪರ್‌ಗೂ ಕನ್ನಡ ಗೊತ್ತು. ಪಂಚಾಯಿತಿ ಸಭೆಯ ಧ್ವನಿಯಿಂದ ಕಲಾಪದ ಕರಡು ತೆಗೆಯಲೆಂದೇ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ 2025ರ ಆಗಸ್ಟ್‌ನಲ್ಲಿ ‘ಸಭಾಸಾರ್’ ತಂದಿತು. ಒಬ್ಬರು ನಿಧಾನವಾಗಿ ಓದಿದಂತೆ ಮಾಡುವ ಉಪನ್ಯಾಸಕ್ಕೆ ಇಂಥ ಸಾಧನಗಳು ಚೆನ್ನಾಗಿಯೇ ನೆರವಾಗುತ್ತವೆ.

ಜತ್ತದ ಸಭೆ ಹಾಗಿರುವುದಿಲ್ಲ. ಕನ್ನಡದ ವಾಕ್ಯದೊಳಗೆ ಮರಾಠಿ ಪದ ಬರುತ್ತದೆ, ಸರಕಾರಿ ಆದೇಶದ ಸಾಲು ಇಡಿಯಾಗಿ ಮರಾಠಿಯಲ್ಲೇ ಬರುತ್ತದೆ. ಕನ್ನಡಕ್ಕೆ ಹೊಂದಿಸಿದ ಯಂತ್ರ ಅದನ್ನು ಹತ್ತಿರದ ಯಾವುದೋ ಕನ್ನಡ ಪದಕ್ಕೆ ತಿರುಚುತ್ತದೆ. ಎಲ್ಲಕ್ಕಿಂತ ಅಪಾಯ ಅಂಕಿಗಳದ್ದು. ಈ ಸೀಮೆಯ ಬಾಯಲ್ಲಿ ‘ದೀಡ ಲಾಖ’ ಎಂದರೆ ಒಂದೂವರೆ ಲಕ್ಷ, ‘ಅಡೀಚ’ ಎಂದರೆ ಎರಡೂವರೆ. ಪೈಪ್‌ಲೈನಿಗೆ ಅಡೀಚ ಲಾಖ ಎಂದದ್ದರಲ್ಲಿ ಆ ಒಂದು ಪದ ಬಿದ್ದುಹೋದರೆ ಕಾಗದದ ಮೇಲೆ ಬರೀ ‘ಲಕ್ಷ’ ಉಳಿಯುತ್ತದೆ, ಓದುವವರಿಗೆ ಅನುಮಾನವೂ ಬರುವುದಿಲ್ಲ. ವಿಸ್ಪರ್‌ಗೆ ಇನ್ನೊಂದು ಚಾಳಿಯಿದೆ. ಎಲ್ಲರೂ ಸುಮ್ಮನಿದ್ದ ಹೊತ್ತಿನಲ್ಲಿ ಯಾರೂ ಆಡದ ವಾಕ್ಯವನ್ನು ತಾನೇ ಬರೆಯುತ್ತದೆ, ಕೆಲವೊಮ್ಮೆ ಒಂದೇ ಸಾಲನ್ನು ಮತ್ತೆ ಮತ್ತೆ ಹಾಕುತ್ತದೆ. ಲಿಪ್ಯಂತರದಲ್ಲಿ ಒಂದೇ ಸಾಲು ಮೂರು ಸಲ ಕಂಡರೆ ಆ ಜಾಗದ ಧ್ವನಿ ಕೇಳಲೇಬೇಕು.

ಇದಕ್ಕೆ ಬಲ್ಲವರು ಮಾಡುವ ಉಪಾಯ ಸರಳ. ಸಭೆಯ ಧ್ವನಿಯನ್ನು ನೇರವಾಗಿ ಯಂತ್ರಕ್ಕೆ ಕೊಡದೆ, ಒಬ್ಬರು ಇಯರ್‌ಫೋನ್ ಹಾಕಿಕೊಂಡು ಒಂದೊಂದೇ ಮಾತು ಕೇಳುತ್ತ, ನಿಲ್ಲಿಸಿ, ಅದನ್ನೇ ಸ್ಪಷ್ಟವಾಗಿ ವಾಯ್ಸ್ ಟೈಪಿಂಗ್‌ಗೆ ಹೇಳುತ್ತ ಹೋಗುತ್ತಾರೆ. ಫ್ಯಾನಿಲ್ಲ, ಗದ್ದಲವಿಲ್ಲ, ಒಂದೇ ಕಂಠ. ಆ ಭಾಗದ ಮಾತು ಬಲ್ಲವರೇ ಕೂರಬೇಕು, ಅಷ್ಟೇ. ಅಂಕಿ ಮತ್ತು ಹೆಸರುಗಳನ್ನು ಮಾತ್ರ ಕೈಯಲ್ಲಿ ಟೈಪ್ ಮಾಡಿ ಎರಡನೆಯ ಸಲ ಕೇಳಿ ನೋಡುವುದು ಕ್ಷೇಮ.

ಎಲ್ಲ ಬರೆದ ಮೇಲೆ ಮೂಲ ಧ್ವನಿಯನ್ನು ಅಳಿಸುವವರಿದ್ದಾರೆ. ಅಳಿಸಬಾರದು ಏಕೆಂಬುದಕ್ಕೆ ಉಪನ್ಯಾಸದ ಕಡೆಯಿಂದ ಒಂದು ಉದಾಹರಣೆ ಇದೇ ತಾಲೂಕಿನ ನಂಟಿನಲ್ಲಿದೆ. ಇಂಚಗೇರಿ ಸಂಪ್ರದಾಯದ ಭಾವೂಸಾಹೇಬ ಮಹಾರಾಜರು ಉಮದಿಯವರು. ಅವರ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರ ಪ್ರವಚನಗಳು ನಮಗೆ ಸಿಕ್ಕಿರುವುದು ನಿಸರ್ಗದತ್ತ ಮಹಾರಾಜರು ಕೇಳಿ ಕೈಯಲ್ಲಿ ಬರೆದಿಟ್ಟುಕೊಂಡದ್ದರಿಂದ. ನಿಸರ್ಗದತ್ತರ ಕಾಲಕ್ಕೆ ಟೇಪ್ ರೆಕಾರ್ಡರ್ ಬಂದಿತ್ತು. ಅವರ ಮರಾಠಿ ಮಾತುಗಳ ಟೇಪಿನಿಂದ ಮಾರಿಸ್ ಫ್ರೀಡ್‌ಮನ್ ಮಾಡಿದ ಇಂಗ್ಲಿಷ್ ಪುಸ್ತಕ ‘ಐ ಆ್ಯಮ್ ದಟ್’ 1973ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. ಟೇಪು ಉಳಿದಿದ್ದರೆ ಅನುವಾದದ ಒಂದು ಮಾತನ್ನು ಅನುಮಾನಿಸಿದವರು ಮೂಲವನ್ನು ಕೇಳಿ ನೋಡಬಹುದು. ಕೈಬರಹ ಮಾತ್ರ ಇದ್ದಲ್ಲಿ ಆ ದಾರಿಯಿಲ್ಲ.

ಉಳಿಸುವುದು ದುಬಾರಿಯೂ ಅಲ್ಲ. ಸೆಕೆಂಡಿಗೆ 64 ಕಿಲೋಬಿಟ್‌ನ ಎಂ4ಎ ಫೈಲು ಗಂಟೆಗೆ ಸುಮಾರು 29 ಎಂಬಿ. ಕಷ್ಟವಿರುವುದು ಹುಡುಕುವುದರಲ್ಲಿ. ‘ರೆಕಾರ್ಡಿಂಗ್ 47’ ಎಂಬ ಹೆಸರಿನಿಂದ ಯಾರಿಗೂ ಏನೂ ತಿಳಿಯದು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರಿಟ್ಟರೆ ಫೈಲುಗಳು ತಾವೇ ಕಾಲಾನುಕ್ರಮದಲ್ಲಿ ಸಾಲಾಗುತ್ತವೆ:

```
2025-10-02_gramasabhe_vedike.m4a
2025-10-02_gramasabhe_jana.m4a
2025-10-02_gramasabhe_suchi.txt
```

ಮೂರನೆಯದು ಸೂಚಿ. ಪೂರ್ತಿ ಲಿಪ್ಯಂತರಕ್ಕೆ ಪುರುಸೊತ್ತಿಲ್ಲದಿದ್ದರೆ ಇದೊಂದನ್ನಾದರೂ ಮಾಡಬೇಕು: ‘00:14:20 ಕೆರೆ ಹೂಳು, ಪ್ರಶ್ನೆ’, ‘00:31:05 ಠರಾವು, ಸೂಚಕ, ಅನುಮೋದಕ’ ಎಂದು ಹತ್ತು ಹನ್ನೆರಡು ಸಾಲು. ಸಭೆಯಲ್ಲೇ ನಿಮಿಷ ನೋಡಿ ಗುರುತು ಹಾಕಿಕೊಂಡರೆ ಮನೆಯಲ್ಲಿ ಕಾಲು ಗಂಟೆಯ ಕೆಲಸ. ಎಲ್ಲದರ ಒಂದು ಪ್ರತಿ ಫೋನಿನಿಂದ ಹೊರಗೆ, ಪೆನ್‌ಡ್ರೈವಿನಲ್ಲೋ ಗೂಗಲ್ ಡ್ರೈವಿನಲ್ಲೋ ಇರಲಿ. ಫೋನು ಕೆಟ್ಟ ದಿನ ಅದೇ ಆಸರೆ.

ಮುಂದಿನ ಗ್ರಾಮಸಭೆಗೆ ಹೋಗುವ ಓದುಗರು ಒಂದು ಕೆಲಸ ಮಾಡಿಸಬಹುದು. ಠರಾವು ಪಾಸಾದ ಕೂಡಲೇ ಅದನ್ನೂ ಮೊತ್ತವನ್ನೂ ಸೂಚಕ, ಅನುಮೋದಕರ ಹೆಸರನ್ನೂ ದಿನಾಂಕದೊಂದಿಗೆ ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಮೈಕಿನ ಮುಂದೆ ಓದಿ ಹೇಳಲು ಸರಪಂಚರನ್ನು ಕೇಳಿ. ಅದಕ್ಕೆ ಒಂದು ನಿಮಿಷ ಸಾಕು.