‘ನಿಮಗೂ’ ಎಂಬಲ್ಲಿನ ‘ಊ’

ಅಮ್ಮ ತೀರಿಕೊಂಡಿದ್ದು 2024ರ ಡಿಸೆಂಬರಿನಲ್ಲಿ. ವರ್ಷಾಂತಿಕ ಆಗುವವರೆಗೆ ಹಬ್ಬವಿಲ್ಲ ಎಂದು ದೊಡ್ಡಪ್ಪ ಹೇಳಿದರು, ಯಾರೂ ಎದುರು ಮಾತಾಡಲಿಲ್ಲ. ತೋರಣ ಕಟ್ಟುವಂತಿಲ್ಲ, ಒಬ್ಬಟ್ಟು ತಟ್ಟುವಂತಿಲ್ಲ, ಹೊಸ ಬಟ್ಟೆ ಉಡುವಂತಿಲ್ಲ. ಎಲ್ಲಕ್ಕೂ ಕ್ರಮ ಇತ್ತು. 2025ರ ಮಾರ್ಚ್ 30, ಯುಗಾದಿಯ ಬೆಳಿಗ್ಗೆ ಫೋನಿಗೆ ಬಂದು ಬಿದ್ದ ಶುಭಾಶಯಗಳಿಗೆ ಏನು ಬರೆಯಬೇಕೆಂಬುದಕ್ಕೆ ಮಾತ್ರ ಕ್ರಮವಿರಲಿಲ್ಲ.

ಎಲ್ಲರೂ ಬರೆಯುವುದು ‘ನಿಮಗೂ ಶುಭಾಶಯಗಳು’. ನಾನೂ ಮೊದಲ ಇಬ್ಬರಿಗೆ ಅದನ್ನೇ ಕಳಿಸಿದೆ. ಕಳಿಸಿದ ಮೇಲೆ ಕಣ್ಣಿಗೆ ಬಿದ್ದದ್ದು ಆ ‘ಊ’. ನಮಗಿದೆ, ನಿಮಗೂ ಇರಲಿ ಎನ್ನುವ ಊ ಅದು. ಅಡುಗೆಮನೆಯಲ್ಲಿ ಸಾರು ಅನ್ನ ಮಾತ್ರ ಆಗಿರುವಾಗ ಈ ಒಂದು ಸ್ವರ ಸುಳ್ಳು ಹೇಳುತ್ತದೆ. ಅದನ್ನು ಬಿಟ್ಟು ‘ನಿಮ್ಮ ಮನೆಯಲ್ಲಿ ಹಬ್ಬ ಚೆನ್ನಾಗಿ ಆಗಲಿ’ ಎಂದರೆ ಹಾರೈಕೆ ಉಳಿಯುತ್ತದೆ, ಸುಳ್ಳು ಹೋಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ‘ಈ ವರ್ಷ ನಮಗೆ ಹಬ್ಬ ಇಲ್ಲ’ ಎಂಬ ಉತ್ತರ. ನಿಜವಾದ ಮಾತೇ. ಬಾಗಿಲಲ್ಲಿ ನಿಂತು ಆಡಿದರೆ ಎದುರಿನವರು ‘ಅಯ್ಯೋ, ಯಾರಮ್ಮ?’ ಎಂದು ಒಳಗೆ ಬಂದು ಕೂರುತ್ತಾರೆ. ಫೋನಿನಲ್ಲಿ ಕೂರಲು ಜಾಗವಿಲ್ಲ. ಬೇವು ಬೆಲ್ಲದ ಚಿತ್ರ ಕಳಿಸಿದವರು ತಪ್ಪು ಮಾಡಿದವರಂತೆ ‘ಕ್ಷಮಿಸಿ, ಗೊತ್ತಿರಲಿಲ್ಲ’ ಎನ್ನುತ್ತಾರೆ, ಆಮೇಲೆ ಅವರಿಗೆ ನಾವೇ ಸಮಾಧಾನ ಹೇಳಬೇಕು. ಕುಟುಂಬದ ಗುಂಪಿನಲ್ಲಿ ಹಾಗೆ ಬರೆದರಂತೂ ಮುಗಿಯಿತು: ಮೇಲೆ ಒಬ್ಬಟ್ಟಿನ ತಟ್ಟೆ, ಕೆಳಗೆ ಸಾಲಾಗಿ ಓಂ ಶಾಂತಿ.

ಜಪಾನಿನವರು ಈ ಮುಜುಗರವನ್ನು ಅಂಚೆಯಲ್ಲೇ ಬಗೆಹರಿಸಿಕೊಂಡಿದ್ದಾರೆ. ಸಾವಾದ ಮನೆಯವರು ಡಿಸೆಂಬರಿನ ಮೊದಮೊದಲಿಗೇ ‘ಮೋಚೂ ಹಗಾಕಿ’ ಎಂಬ ಕಾರ್ಡು ಕಳಿಸಿ, ಈ ಸಲ ಹೊಸ ವರ್ಷದ ಶುಭಾಶಯ ಬರೆಯುವುದಿಲ್ಲ ಎಂದು ತಿಳಿಸುತ್ತಾರೆ. ಗೊತ್ತಿಲ್ಲದೆ ಯಾರಾದರೂ ಶುಭಾಶಯ ಕಳಿಸಿಬಿಟ್ಟರೆ ಜನವರಿ 7 ಕಳೆದ ಮೇಲೆ, ಚಳಿಗಾಲದಲ್ಲಿ ಹೇಗಿದ್ದೀರಿ ಎಂದು ವಿಚಾರಿಸುವ ಕಾರ್ಡಿನಲ್ಲಿ ಉತ್ತರ. ನಮ್ಮಲ್ಲಿ ಮುಂಚೆಯೇ ಹೇಳಿಕೊಂಡರೆ ಅನುಕಂಪ ಬೇಡಿದಂತಾಗುತ್ತದೆ. ಆದರೆ ಹಬ್ಬ ದಾಟಿಸಿ ಉತ್ತರಿಸುವುದನ್ನು ಅವರಿಂದ ಕಡ ತರಬಹುದು. ಸಾವಿನ ಸುದ್ದಿ ತಿಳಿಯದೆ ಬರೆದವರಿಗೆ ನಾನು ಮರುದಿನ, ಅವರ ಹೋಳಿಗೆ ಊಟ ಮುಗಿದ ಮೇಲೆ, ಬರೆದೆ. ನೂರು ಜನಕ್ಕೆ ಒಟ್ಟಿಗೆ ಹೋದ ಫಾರ್ವರ್ಡ್‌ಗಳಿಗೆ ಉತ್ತರವನ್ನೇ ಕೊಡಲಿಲ್ಲ. ಅವರು ನನ್ನನ್ನು ಕೇಳಿರಲಿಲ್ಲ, ನಾನೂ ಹೇಳಬೇಕಿರಲಿಲ್ಲ.

‘ಹಬ್ಬ ಇಲ್ಲ’ ಎಂಬ ಮಾತಿನ ನಿಜವಾದ ಕೊರತೆ ನನಗೆ ಗೊತ್ತಾದದ್ದು ತಂಗಿಯಿಂದ. ಅವಳನ್ನು ಹಾಸನಕ್ಕೆ ಕೊಟ್ಟಿದ್ದೇವೆ. ಕೊಟ್ಟ ಹೆಣ್ಣಿಗೆ ತಾಯಿಯ ಸೂತಕ ನಮ್ಮ ಕಡೆ ಮೂರೇ ದಿನ, ಆಮೇಲೆ ಗಂಡನ ಮನೆಯ ಹಬ್ಬ ಅವಳ ಹಬ್ಬ. ಆ ಬೆಳಿಗ್ಗೆ ಅವಳು ಎಣ್ಣೆ ನೀರು ಹಾಕಿಕೊಂಡು ಹೂರಣ ರುಬ್ಬುತ್ತಿದ್ದಳು. ‘ನಮಗೆ ಹಬ್ಬ ಇಲ್ಲ’ ಎನ್ನುವ ಹಕ್ಕು ನನಗಿತ್ತು, ಅವಳಿಗಿರಲಿಲ್ಲ. ಅಮ್ಮನ ಜೊತೆ ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ಮಲಗಿದ್ದವಳು ಅವಳು. ಆ ಮಾತು ಪದ್ಧತಿಯನ್ನು ಹೇಳುತ್ತದೆ, ದುಃಖವನ್ನಲ್ಲ. ಹಬ್ಬ ಇಲ್ಲದ ಮನೆಯಲ್ಲಿ ದುಃಖ ಕಡಿಮೆಯಿರಬಹುದು, ಇರುವ ಮನೆಯಲ್ಲಿ ಒಬ್ಬರು ಒಲೆಯ ಮುಂದೆ ಕಣ್ಣು ಒರೆಸಿಕೊಳ್ಳುತ್ತಿರಬಹುದು.

ಬೀದಿಯ ಕೊನೆಯ ಮನೆಯ ಹಿರಿಯರೊಬ್ಬರು, ಅಮ್ಮನ ಗೆಳತಿ, ನಮ್ಮಿಬ್ಬರಿಗೂ ಬೇರೆಬೇರೆಯಾಗಿ ಎರಡೆರಡು ಸಾಲು ಬರೆದಿದ್ದರು. ನನ್ನ ಉತ್ತರ ಹೀಗಿತ್ತು: ‘ನಿಮ್ಮ ಹಾರೈಕೆ ತಲುಪಿತು. ನಾವು ಈ ಸಲ ಹಬ್ಬ ಮಾಡುತ್ತಿಲ್ಲ. ನಿಮ್ಮಲ್ಲಿ ಎಲ್ಲರೂ ಚೆನ್ನಾಗಿರಲಿ.’ ತಪ್ಪಿಲ್ಲ, ಆದರೆ ಯಾರು ಯಾರಿಗಾದರೂ ಕಳಿಸಬಹುದಾದ ಮಾತು. ತಂಗಿ ಬರೆದದ್ದು: ‘ಆಂಟಿ, ಹೂರಣಕ್ಕೆ ಬೆಲ್ಲ ಎಷ್ಟು ಅಂತ ಅಮ್ಮನ್ನ ಕೇಳೋಣ ಅಂತ ಫೋನ್ ಎತ್ಕೊಂಡೆ. ನಿಮ್ಮ ಮೆಸೇಜ್ ಬಂದಿತ್ತು. ಹಬ್ಬ ಚೆನ್ನಾಗಿ ಮಾಡಿ.’ ಇದರಲ್ಲಿ ‘ಇಲ್ಲ’ ಎಂಬ ಪದವಿಲ್ಲ, ‘ನಿಮಗೂ’ ಇಲ್ಲ, ಶೋಕ ಎಂಬ ಹೆಸರೂ ಇಲ್ಲ. ಓದಿದವರಿಗೆ ಎಲ್ಲ ಗೊತ್ತಾಗುತ್ತದೆ, ಕ್ಷಮೆ ಕೇಳಬೇಕೆನಿಸುವುದಿಲ್ಲ. ಎಲ್ಲರಿಗೂ ಹೀಗೆ ಬರೆಯಲಾಗದು, ಅಮ್ಮನನ್ನು ಬಲ್ಲವರಿಗೆ ಮಾತ್ರ. ಆಫೀಸಿನವರಿಗೆ ನನ್ನ ಮೂರು ವಾಕ್ಯವೇ ಸಾಕು.

ಆ ಆಂಟಿ ತಂಗಿಗೆ ಬರೆದ ಉತ್ತರ ಒಂದೇ ಸಾಲು: ‘ಒಂದು ಪಾವು ಬೇಳೆಗೆ ಒಂದು ಪಾವು ಬೆಲ್ಲ, ನಿಮ್ಮಮ್ಮ ಇನ್ನೊಂದು ಹಿಡಿ ಜಾಸ್ತಿ ಹಾಕೋಳು.’ ನನಗೆ ಅವರು ಏನೂ ಬರೆಯಲಿಲ್ಲ. ಮಧ್ಯಾಹ್ನ ಮೊಮ್ಮಗನ ಕೈಯಲ್ಲಿ ಸ್ಟೀಲ್ ಡಬ್ಬಿ ಬಂತು, ನಾಲ್ಕು ಒಬ್ಬಟ್ಟು.