ಗೋಡೆಯ ಕಡೆಯ ತುದಿ

2023ರ ಆಗಸ್ಟ್ 2ರಂದು ಕಾರವಾರ ತಾಲೂಕಿನ ಹಳ್ಳಿಯೊಂದರಲ್ಲಿ ಎಂಟು ತಿಂಗಳ ಕೂಸೊಂದು ಮೊಬೈಲ್ ಚಾರ್ಜರಿನ ಪಿನ್ನನ್ನು ಬಾಯಿಗೆ ಹಾಕಿಕೊಂಡು ಶಾಕ್ ಹೊಡೆದು ತೀರಿಕೊಂಡಿತು. ಪತ್ರಿಕೆಗಳಲ್ಲಿ ಬಂದಂತೆ, ಮನೆಯವರು ಫೋನನ್ನು ಚಾರ್ಜಿನಿಂದ ತೆಗೆದಿದ್ದರು, ಸ್ವಿಚ್ಚು ಮಾತ್ರ ಹಾಗೇ ಉಳಿದಿತ್ತು.

ಆ ಸುದ್ದಿ ಓದಿದಾಗಿನಿಂದ ನಮ್ಮ ಕಡೆಯ ಒಂದು ಎಚ್ಚರಿಕೆಯ ಮಾತು ನನ್ನನ್ನು ಕಾಡುತ್ತಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸುತ್ತ ಯಾವ ಮನೆಗೆ ಹೋದರೂ ಕೇಳಿಸುವ ಮಾತು ಅದು: ‘ಚಾರ್ಜಿಗಿಟ್ಟಾಗ ಮಾತಾಡಬೇಡ, ಫೋನ್ ಸಿಡಿಯುತ್ತದೆ.’ ಕಾರವಾರದ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ವಯರಿನ ತುದಿಯಲ್ಲಿ ಫೋನೇ ಇರಲಿಲ್ಲ. ನಮ್ಮ ಮಾತನ್ನು ಅಕ್ಷರಶಃ ಪಾಲಿಸಿದ್ದರೂ ಆ ಮಗು ಉಳಿಯುತ್ತಿರಲಿಲ್ಲ. ಎಚ್ಚರಿಕೆಯೊಂದು ಒಳ್ಳೆಯದೋ ಅಲ್ಲವೋ ಎಂದು ಅಳೆಯಲು ಇದಕ್ಕಿಂತ ಕಠಿಣವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಚಾರ್ಜರಿನ ಪಿನ್ನಿನಲ್ಲಿ ಬರುವುದು ಸಾಮಾನ್ಯವಾಗಿ 5 ವೋಲ್ಟು. ಟಾರ್ಚಿನ ಮೂರು ಸೆಲ್ಲುಗಳನ್ನು ಸಾಲಾಗಿ ಹಾಕಿದರೆ ಸಿಗುವುದಕ್ಕಿಂತ ತುಸು ಹೆಚ್ಚು, ಅಷ್ಟೆ. ಅದರಿಂದ ಯಾರೂ ಸಾಯುವುದಿಲ್ಲ. ಹಾಗಾದರೆ ಕೊಲ್ಲುವಷ್ಟು ಕರೆಂಟು ಅಲ್ಲಿಗೆ ಬರುವುದು ಹೇಗೆ? ಉತ್ತರ ಇರುವುದು ಫೋನಿನಲ್ಲಲ್ಲ, ಗೋಡೆಗೆ ಸಿಕ್ಕಿಸಿದ ಆ ಪುಟ್ಟ ಡಬ್ಬಿಯಲ್ಲಿ.

ಒಂದು ಮಳೆಗಾಲದಲ್ಲಿ ನಾನು ಎರಡು ಚಾರ್ಜರುಗಳನ್ನು ಒಡೆದು ನೋಡಿದೆ. ಒಂದು ಫೋನಿನ ಜೊತೆಗೇ ಬಂದದ್ದು. ಇನ್ನೊಂದನ್ನು ಬೆಳ್ತಂಗಡಿ ಕಡೆಯ ನನ್ನ ದೊಡ್ಡಮ್ಮ ಜಾತ್ರೆಯ ಸಂತೆಯಲ್ಲಿ ಅಗ್ಗಕ್ಕೆ ಕೊಂಡಿದ್ದರು. ಎರಡರ ಒಳಗೂ ಮನೆಯ 230 ವೋಲ್ಟು ಮೊದಲು ಸುಮಾರು 325 ವೋಲ್ಟಿನ ಡಿ.ಸಿ. ಆಗುತ್ತದೆ. ಆಮೇಲೆ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿಕೊಂಡು, ಗೋಟಡಿಕೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರನ್ನು ದಾಟಿ 5 ವೋಲ್ಟಾಗಿ ಹೊರಬೀಳುತ್ತದೆ. ಆ ಟ್ರಾನ್ಸ್‌ಫಾರ್ಮರಿನ ಈಚೆ ಬದಿಗೂ ಆಚೆ ಬದಿಗೂ ತಂತಿಯ ಸಂಬಂಧ ಇರುವುದಿಲ್ಲ, ಇರಲೂಬಾರದು. ನಮ್ಮ ಜೀವ ನಿಂತಿರುವುದು ಆ ಅಂತರದ ಮೇಲೆ.

ಒಳ್ಳೆಯ ಚಾರ್ಜರಿನ ಹಲಗೆಯಲ್ಲಿ ಎರಡು ಬದಿಗಳ ನಡುವೆ ಐದಾರು ಮಿಲಿಮೀಟರು ಖಾಲಿ ಜಾಗ ಬಿಟ್ಟು, ನಡುವೆ ಸೀಳನ್ನೂ ಕೊರೆದಿದ್ದರು. ಟ್ರಾನ್ಸ್‌ಫಾರ್ಮರಿನ ಒಳಸುತ್ತಿನ ತಂತಿಗೆ ಮೂರು ಪದರದ ಹೊದಿಕೆ ಇತ್ತು. ಸಂತೆಯ ಚಾರ್ಜರಿನಲ್ಲಿ ಅದೇ ಅಂತರ ಒಂದೂವರೆ ಮಿಲಿಮೀಟರು. ತಂತಿಗೆ ಬರಿಯ ಎನಾಮೆಲ್, ಮೇಲೆ ಒಂದು ಸುತ್ತು ಟೇಪು. ಹಲಗೆಯ ಮೇಲೆ ಬಿಳಿಯ ಬೂಷ್ಟು ಹಿಡಿದಿತ್ತು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಜೂನ್ ತಿಂಗಳಿನಿಂದ ನಾಲ್ಕು ತಿಂಗಳು ಬಟ್ಟೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಹಿಡಿಯುವ ಬೂಷ್ಟು ಚಾರ್ಜರನ್ನೇನೂ ಬಿಡುವುದಿಲ್ಲ. ಅಷ್ಟು ಕಿರಿದಾದ ಅಂತರಕ್ಕೆ ತೇವದ ಬೂಷ್ಟೋ, ಸೆಕೆಗೆ ಒಳಹೊಕ್ಕು ಸತ್ತ ಇರುವೆಯೋ ಸೇತುವೆ ಕಟ್ಟಿದರೆ ಸಾಕು, 5 ವೋಲ್ಟಿನ ತುದಿಯಲ್ಲಿ 230 ವೋಲ್ಟು ಬಂದು ಕೂರುತ್ತದೆ. ಅಷ್ಟಾದರೂ ಚಾರ್ಜಿಂಗ್ ನಡೆಯುತ್ತಲೇ ಇರಬಹುದು. ಹೊರಗಿನಿಂದ ಯಾವ ಗುರುತೂ ಕಾಣಿಸದೆ ಹೋಗಬಹುದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು, ಏಕೆಂದರೆ ‘ಮಾತಾಡುವಾಗ ಶಾಕ್ ಹೊಡೆಯುತ್ತದೆ’ ಎಂಬ ನಂಬಿಕೆ ಹುಟ್ಟಿರುವುದು ಬಹುಶಃ ಇದರಿಂದಲೇ. ಲೋಹದ ಅಂಚಿರುವ ಫೋನನ್ನು ಚಾರ್ಜಿಗಿಟ್ಟು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಕಿವಿಗಿಟ್ಟರೆ ಕೆನ್ನೆಯಲ್ಲಿ ಜುಂ ಎನ್ನುತ್ತದೆ. ಒಳ್ಳೆಯ ಚಾರ್ಜರಿನಲ್ಲೂ ಹೀಗಾಗುವುದುಂಟು. ಗದ್ದಲ ಅಡಗಿಸಲು ಎರಡು ಬದಿಗಳ ನಡುವೆ ಬೇಕೆಂದೇ ಒಂದು ಪುಟ್ಟ ಕೆಪಾಸಿಟರ್ ಹಾಕಿರುತ್ತಾರೆ, ಸಾಮಾನ್ಯವಾಗಿ ನೀಲಿ ಬಿಲ್ಲೆಯಂಥದ್ದು, ಮೇಲೆ Y1 ಎಂದು ಬರೆದಿರುತ್ತದೆ. 2.2 ನ್ಯಾನೋಫ್ಯಾರಡಿನ ಅಂಥ ಬಿಲ್ಲೆಯ ಮೂಲಕ ಪೂರ್ತಿ 230 ವೋಲ್ಟು ತಳ್ಳಿದರೂ ಹರಿಯುವುದು 0.16 ಮಿಲಿಆಂಪಿಯರ್. ಚರ್ಮಕ್ಕೆ ಚುರುಗುಟ್ಟೀತು, ಅಪಾಯ ಮಾಡಲಾರದು. ಕೈ ಬಿಡಿಸಿಕೊಳ್ಳಲಾಗದಂತೆ ಸ್ನಾಯು ಹಿಡಿಯಲು ಅದರ ಅರವತ್ತು ಪಟ್ಟು, ಅಂದರೆ ಹತ್ತು ಮಿಲಿಆಂಪಿಯರಿನಷ್ಟಾದರೂ ಬೇಕು.

ಟೆಸ್ಟರ್ ಈ ಎರಡನ್ನೂ ಬೇರ್ಪಡಿಸಿ ಹೇಳುವುದಿಲ್ಲ. ನಿರುಪದ್ರವಿ ಜುಂಗೂ ಉರಿಯುತ್ತದೆ, ಕೊಲ್ಲುವ ಕರೆಂಟಿಗೂ ಉರಿಯುತ್ತದೆ. ನಾನು ಮಾಡಿದ ಪರೀಕ್ಷೆ ಇದು. ಕರೆಂಟಿನ ಕೆಲಸ ತಿಳಿದವರಷ್ಟೇ ಮಾಡಬೇಕಾದದ್ದು. ಚಾರ್ಜರಿನ ಪಿನ್ನಿನ ಲೋಹಕ್ಕೂ ಸಾಕೆಟಿನ ಅರ್ಥಿಗೂ ನಡುವೆ ಮೀಟರ್ ಇಟ್ಟೆ. ಒಳ್ಳೆಯದರಲ್ಲಿ 90 ವೋಲ್ಟು ತೋರಿಸಿತು, ಅಷ್ಟಕ್ಕೇ ಹೆದರುವಂತಿಲ್ಲ. ಮೀಟರಿಗೆ ಅಡ್ಡಲಾಗಿ ಒಂದು ಲಕ್ಷ ಓಮಿನ ರೆಸಿಸ್ಟರ್ ಸೇರಿಸಿದ ಕೂಡಲೇ ಅದು ಹತ್ತಕ್ಕೆ ಕುಸಿಯಿತು. ಹಿಂದೆ ಬಲವಿಲ್ಲದ ವೋಲ್ಟೇಜಿನ ಲಕ್ಷಣ ಅದು. ದೊಡ್ಡಮ್ಮನ ಚಾರ್ಜರ್ ಮೊದಲು 210 ತೋರಿಸಿತು. ರೆಸಿಸ್ಟರ್ ಸೇರಿಸಿದ ಮೇಲೂ 200ರಿಂದ ಕೆಳಗಿಳಿಯಲಿಲ್ಲ. ಒಡೆದು ನೋಡಿದ್ದು ಆಮೇಲೆ.

ಆ ಚಾರ್ಜರಿನಲ್ಲಿ ದೊಡ್ಡಮ್ಮ ದಿನಾ ಫೋನ್ ಹಾಕಿ, ಹಾಡು ಕೇಳುತ್ತ ಬೀಡಿ ಕಟ್ಟುತ್ತಿದ್ದರು. ಬೀಡಿ ಎಲೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಮಡಿಲಲ್ಲಿ ತಡ್ಪೆ, ಕೈಯಲ್ಲಿ ತೇವ, ಕಾಲು ಸಾರಣೆಯ ನೆಲದ ಮೇಲೆ. ಒಣ ಚರ್ಮ ಕರೆಂಟಿಗೆ ಒಡ್ಡುವ ತಡೆ ಎಷ್ಟೋ ಸಾವಿರ ಓಮು. ನೆನೆದ ಕೈಯಲ್ಲಿ ಅದು ಒಂದೂವರೆ ಸಾವಿರಕ್ಕೆ ಇಳಿಯಬಹುದು. 230ನ್ನು 1500ರಿಂದ ಭಾಗಿಸಿದರೆ ನೂರೈವತ್ತು ಮಿಲಿಆಂಪಿಯರ್, ಹೃದಯ ನಿಲ್ಲಿಸಲು ಬೇಕಾದ್ದಕ್ಕಿಂತ ಹೆಚ್ಚು. ಕೂಸಿನ ಬಾಯಿಯೊಳಗೆ ತಡೆಯೊಡ್ಡುವ ಒಣ ಚರ್ಮವೇ ಇಲ್ಲ. ‘ಫೋನ್ ಬಂದರೆ ನಾನು ತೆಗೆಯುವುದಿಲ್ಲ ಮಾರಾಯ, ಚಾರ್ಜಿನಿಂದ ತೆಗೆದೇ ಮಾತಾಡುವುದು’ ಎಂದರು ದೊಡ್ಡಮ್ಮ. ಅವರು ಕಲಿತ ಎಚ್ಚರಿಕೆಯನ್ನು ಅವರು ಚಾಚೂ ತಪ್ಪದೆ ಪಾಲಿಸಿದ್ದರು. ಚಾರ್ಜಿನಿಂದ ತೆಗೆಯುವಾಗ ಅದೇ ಒದ್ದೆ ಕೈಯಿಂದ ಪಿನ್ನು ಹಿಡಿಯುತ್ತಿದ್ದರು.

‘ಅರ್ಥಿಂಗ್ ಸರಿ ಇದೆ, ಎಂಸಿಬಿ ಇದೆ’ ಎಂದು ಜನ ಸಮಾಧಾನ ಹೇಳಿಕೊಳ್ಳುತ್ತಾರೆ. ಎರಡು ಕಾಲಿನ ಚಾರ್ಜರಿಗೆ ಅರ್ಥಿಂಗಿನ ಸಂಪರ್ಕವೇ ಇಲ್ಲ. ಎಂಸಿಬಿ ಬೀಳಬೇಕಾದರೆ ಹಲವು ಆಂಪಿಯರ್ ಹರಿಯಬೇಕು, ಮನುಷ್ಯ ಸಾಯಲು ಅದರ ಸಣ್ಣ ಪಾಲು ಸಾಕು. ನೆರವಿಗೆ ಬರುವುದು 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ, ನಮ್ಮ ಕಡೆ ಹಳೆಯ ಹೆಸರಿನಲ್ಲೇ ಇಎಲ್‌ಸಿಬಿ ಅನ್ನುವುದು. ಅದೂ ಶಾಕನ್ನು ತಪ್ಪಿಸುವುದಿಲ್ಲ, ಕ್ಷಣಾರ್ಧದಲ್ಲಿ ಕಡಿದುಹಾಕುತ್ತದೆ.

ಇನ್ನು ಸಿಡಿಯುವ ಮಾತು. ಕರೆಯಲ್ಲಿರುವಾಗ 4ಜಿ ಫೋನಿನ ಆಂಟೆನಾ ಹೊರಸೂಸುವುದು ಹೆಚ್ಚೆಂದರೆ 0.2 ವ್ಯಾಟ್. ಚಾರ್ಜರ್ ಅದೇ ಹೊತ್ತಿಗೆ ಒಳಗೆ ತುಂಬುತ್ತಿರುವುದು ಹತ್ತೋ ಹದಿನೆಂಟೋ ವ್ಯಾಟ್. ಕರೆಯಿಂದ ಬ್ಯಾಟರಿ ಸಿಡಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿಕೊಂಡವಲ್ಲ, 2017ರ ಜನವರಿಯಲ್ಲಿ ಕಂಪನಿಯೇ ಹೇಳಿದ ಕಾರಣ ಬ್ಯಾಟರಿಯ ಒಳಗಿನದು: ಒಂದು ಬಗೆಯ ಬ್ಯಾಟರಿಯಲ್ಲಿ ಮೂಲೆ ಒತ್ತಿ ಪದರ ಬಾಗಿತ್ತು, ಇನ್ನೊಂದರಲ್ಲಿ ಬೆಸುಗೆಯ ಮುಳ್ಳು ಒಳಗಿನ ತೆರೆಯನ್ನು ಹರಿದಿತ್ತು. ಬ್ಯಾಟರಿಗೆ ನಿಜವಾದ ಶತ್ರು ಇಂಥ ಗಾಯ ಮತ್ತು ಬಿಸಿ. ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ಮಕ್ಕಳು ಫೋನನ್ನು ಚಾರ್ಜಿಗಿಟ್ಟು ದಿಂಬಿನಡಿ ಹಾಕಿ ಮಲಗುತ್ತಾರಲ್ಲ, ನನಗೆ ಕರೆಗಿಂತ ಆ ದಿಂಬಿನ ಹೆದರಿಕೆ ಹೆಚ್ಚು. ಬ್ಯಾಟರಿ ಕೆಡುತ್ತಿದ್ದರೆ ಹೆಚ್ಚಾಗಿ ಮೊದಲು ಉಬ್ಬುತ್ತದೆ. ಹಿಂಬದಿಯ ಮುಚ್ಚಳ ಏಳುತ್ತದೆ, ಪರದೆಯ ಅಂಚು ಬಿಡುತ್ತದೆ, ಮೇಜಿನ ಮೇಲಿಟ್ಟರೆ ಫೋನು ತೂಗಾಡುತ್ತದೆ. ಆಗ ಅದನ್ನು ಒತ್ತಿ ಕೂರಿಸಲು ಹೋಗಬಾರದು, ಮತ್ತೆ ಚಾರ್ಜಿಗೂ ಇಡಬಾರದು.

ಹಳೆಯ ಮಾತು ಪೂರ್ತಿ ನಿಜವಾಗುವ ಒಂದು ಸಂದರ್ಭ ಇದೆ, ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಬೇಕು. ಏಪ್ರಿಲ್–ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ, ಘಟ್ಟದ ಕಡೆಯಿಂದ ಗುಡುಗು ಏಳುವಾಗ ಬೆಳ್ತಂಗಡಿಯ ಹಿರಿಯರು ‘ಫೋನ್ ಮುಟ್ಟಬೇಡಿ’ ಎನ್ನುತ್ತಾರೆ. ಇದು ಲ್ಯಾಂಡ್‌ಲೈನ್ ಕಾಲದಿಂದ ಬಂದ ತಿಳಿವಳಿಕೆ. ಆಗ ಗುಡ್ಡ, ತೋಟ ದಾಟಿ ಬರುತ್ತಿದ್ದ ತಂತಿಯಲ್ಲಿ ಸಿಡಿಲು ನೇರವಾಗಿ ಕಿವಿಗೆ ಬರಬಹುದಿತ್ತು. ಕೈಯಲ್ಲಿರುವ ಮೊಬೈಲು ಸಿಡಿಲನ್ನು ಕರೆಯುವುದಿಲ್ಲ. ಅದನ್ನು ಚಾರ್ಜಿಗೆ ಸಿಕ್ಕಿಸಿದ ಗಳಿಗೆ ಮಾತ್ರ ಅದು ಮತ್ತೆ ತಂತಿಯ ಫೋನಾಗುತ್ತದೆ. ಕಂಬದಿಂದ ಕಂಬಕ್ಕೆ ಅಡಿಕೆ ತೋಟದ ಮೇಲೆ ಹಾಯ್ದು ಬರುವ ಲೈನಿನ ತುದಿಯಲ್ಲಿ ನಿಮ್ಮ ಕೆನ್ನೆ ಇರುತ್ತದೆ. ಸ್ವಿಚ್ಚು ಆರಿಸಿದರೂ ಸಾಲದು, ಅದು ಫೇಸನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ತಂತಿ ಸೇರಿಯೇ ಇರುತ್ತದೆ. ಗುಡುಗು ದೂರದಲ್ಲಿರುವಾಗಲೇ ಚಾರ್ಜರನ್ನು ಸಾಕೆಟಿನಿಂದ ಕಿತ್ತಿಡಬೇಕು.

ಹೊಸತು ಕೊಳ್ಳುವಾಗ ನೋಡಬೇಕಾದ್ದು ಹೆಚ್ಚಿಲ್ಲ. ಚಾರ್ಜರಿನ ಬೆನ್ನಿನ ಮೇಲೆ ಚೌಕದೊಳಗೊಂದು ಚೌಕ ಇರಬೇಕು, ಒಳಗೆ ಇಮ್ಮಡಿ ಇನ್ಸುಲೇಶನ್ ಇದೆ ಎಂಬ ಗುರುತು ಅದು. ಬಿಐಎಸ್ ಗುರುತಿನ ಜೊತೆಗೆ R- ಎಂದು ಶುರುವಾಗುವ ಎಂಟಂಕಿಯ ಸಂಖ್ಯೆ ಇರಬೇಕು. ಸುಳ್ಳು ಗುರುತನ್ನೂ ಅಚ್ಚು ಹಾಕುತ್ತಾರೆ, ಆದ್ದರಿಂದ ಆ ಸಂಖ್ಯೆಯನ್ನು BIS Care ಆ್ಯಪಿನಲ್ಲಿ ಹಾಕಿ, ಅಲ್ಲಿ ಬರುವ ತಯಾರಕರ ಹೆಸರೂ ಡಬ್ಬಿಯ ಮೇಲಿನ ಹೆಸರೂ ಒಂದೇ ಹೌದೋ ಎಂದು ಹೊಂದಿಸಿ ನೋಡಬೇಕು. ದೊಡ್ಡಮ್ಮನ ಸಂತೆ ಚಾರ್ಜರಿನಲ್ಲಿ ಚೌಕ ಇತ್ತು, ಸಂಖ್ಯೆ ಇರಲಿಲ್ಲ.

ಅವರಿಗೆ ಬಿ.ಸಿ. ರೋಡಿನಿಂದ ಬೇರೊಂದನ್ನು ತಂದುಕೊಟ್ಟೆ. ಸ್ವಿಚ್ಚು ಬೋರ್ಡು ನೆಲದಿಂದ ಒಂದಡಿ ಮೇಲಿತ್ತು, ಮೊಮ್ಮಗ ಅಂಬೆಗಾಲಿಡುವ ಎತ್ತರಕ್ಕೆ ಸರಿಯಾಗಿ. ಅದನ್ನು ನಾಲ್ಕೂವರೆ ಅಡಿಗೆ ಏರಿಸಿ, ಪಕ್ಕದಲ್ಲಿ ಫೋನಿಡಲು ಒಂದು ಹಲಗೆ ಹೊಡೆದೆವು. ದೊಡ್ಡಮ್ಮ ಈಗ ಫೋನ್ ತೆಗೆಯುವ ಮೊದಲು ಕೈ ಒರೆಸಿಕೊಂಡು, ಸ್ವಿಚ್ಚು ಆರಿಸಿ, ಚಾರ್ಜರನ್ನು ವಯರಿನ ಸಮೇತ ಕಿತ್ತು ಹಲಗೆಯ ಮೇಲಿಡುತ್ತಾರೆ.