ಹದಿಮೂರು ವರ್ಷದ ಲೆಕ್ಕ, ಎಂಟು ಸಾಲಿನ ಇಮೇಲ್

ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಸೀನಿಯರ್ ಅಕೌಂಟೆಂಟ್ ಬೇಕೆಂದು ಜಾಹೀರಾತು ಕೊಟ್ಟಿದೆ ಎಂದುಕೊಳ್ಳಿ. ಬರುವ ಅರ್ಜಿಗಳಲ್ಲಿ ಹೆಚ್ಚಿನವುಗಳ ಇಮೇಲ್ ಹೀಗಿರುತ್ತದೆ: ತಮ್ಮ ಜಾಹೀರಾತನ್ನು ನೋಡಿ ಬರೆಯುತ್ತಿದ್ದೇನೆ, ನಾನು ಬಿ.ಕಾಂ. ಪದವೀಧರ, 13 ವರ್ಷದ ಅನುಭವವಿದೆ, ಟ್ಯಾಲಿ, ಜಿಎಸ್‌ಟಿ, ಟಿಡಿಎಸ್, ಪಿಎಫ್, ಇಎಸ್‌ಐ, ಬ್ಯಾಂಕ್ ರಿಕನ್ಸಿಲಿಯೇಷನ್ ಎಲ್ಲ ಗೊತ್ತು, ಶ್ರಮಜೀವಿ, ಪ್ರಾಮಾಣಿಕ, ರೆಸ್ಯೂಮೆ ಲಗತ್ತಿಸಿದ್ದೇನೆ, ದಯವಿಟ್ಟು ಪರಿಶೀಲಿಸಿ. ಮೂಲ ಇಂಗ್ಲಿಷಿನಲ್ಲಿ ಇದು ‘ಡು ದಿ ನೀಡ್‌ಫುಲ್’ ಎಂದು ಮುಗಿಯುತ್ತದೆ. ನನಗೆ ಆ ಪದಗಳ ಮೇಲೆ ಸಿಟ್ಟಿಲ್ಲ. ನಮ್ಮ ಆಫೀಸುಗಳ ಅರ್ಧ ವ್ಯವಹಾರ ಅವುಗಳ ಮೇಲೇ ನಡೆಯುತ್ತದೆ.

ಈ ಪತ್ರದಲ್ಲಿ ಸುಳ್ಳು ಒಂದೂ ಇಲ್ಲ. ಉದ್ದವೂ ಇಲ್ಲ. ಆದರೂ ಓದಿದವರಿಗೆ ಏನೂ ತಿಳಿಯುವುದಿಲ್ಲ, ಏಕೆಂದರೆ ಮೂರು ವರ್ಷ ಕೆಲಸ ಮಾಡಿದ ಹುಡುಗನೂ ಇದೇ ಪಟ್ಟಿಯನ್ನು ಅಕ್ಷರ ಬದಲಿಸದೆ ಬರೆಯಬಲ್ಲ. ಅವನೂ ಜಿಎಸ್‌ಟಿ ಮಾಡುತ್ತಾನೆ. ಬಿಲ್ಲುಗಳನ್ನು ಎಂಟ್ರಿ ಹಾಕುವುದೂ ಜಿಎಸ್‌ಟಿ ಕೆಲಸವೇ. 3ಬಿ ರಿಟರ್ನಿನ ಮೊತ್ತ ಇಷ್ಟೇ ಎಂದು ನಿರ್ಧರಿಸಿ, ತಪ್ಪಾದರೆ ಉತ್ತರ ಹೇಳುವುದೂ ಜಿಎಸ್‌ಟಿ ಕೆಲಸವೇ. ಹದಿಮೂರು ವರ್ಷದ ಲೆಕ್ಕಿಗ ಈ ಎರಡರ ನಡುವೆ ಎಲ್ಲೋ ನಿಂತಿರುತ್ತಾನೆ. ಎಂಟ್ರಿ ಹಾಕುವ ಹಂತ ದಾಟಿದ್ದಾನೆ, ಬ್ಯಾಲೆನ್ಸ್ ಶೀಟಿಗೆ ಸಹಿ ಹಾಕುವವನಲ್ಲ. ಅವನ ಕೈಯಲ್ಲಿ ಏನು ಮುಗಿಯುತ್ತದೆ, ಎಲ್ಲಿಂದಾಚೆ ಆಡಿಟರ್ ಕೈಗೆ ಹೋಗುತ್ತದೆ ಎಂಬ ಗೆರೆಯೊಂದೇ ಓದುವವರಿಗೆ ಬೇಕಾದ ವಿಷಯ. ಅದನ್ನೇ ಈ ಪತ್ರ ಬಿಟ್ಟಿದೆ.

ಅದೇ ವ್ಯಕ್ತಿ ಹೀಗೆ ಬರೆದರೆ ನೋಡಿ:

“ನಮಸ್ಕಾರ. ನಿಮ್ಮ ಸೀನಿಯರ್ ಅಕೌಂಟೆಂಟ್ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಹುಬ್ಬಳ್ಳಿಯ ಬಿಡಿಭಾಗಗಳ ವಿತರಣಾ ಸಂಸ್ಥೆಯೊಂದರಲ್ಲಿ ಆರು ವರ್ಷದಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಒಟ್ಟು ಅನುಭವ 13 ವರ್ಷ. ಎರಡು ರಾಜ್ಯಗಳ ಜಿಎಸ್‌ಟಿ ನೋಂದಣಿಗಳ ರಿಟರ್ನ್‌ಗಳನ್ನು ನಾನೇ ಸಿದ್ಧಪಡಿಸಿ ಸಲ್ಲಿಸುತ್ತೇನೆ. ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ 8ರೊಳಗೆ ಮುಗಿಸಿ ಮಾಲೀಕರಿಗೆ ಕೊಡುತ್ತೇನೆ. ವರ್ಷಾಂತ್ಯದ ಶೆಡ್ಯೂಲ್‌ಗಳು ನನ್ನವು, ತೆರಿಗೆಯ ಅಂತಿಮ ಲೆಕ್ಕ ಆಡಿಟರದು. ಜಾಬ್‌ವರ್ಕ್‌ಗೆ ಕಳಿಸಿದ ಮಾಲಿನ ಲೆಕ್ಕವನ್ನು ನೀವು ಕೇಳಿದ್ದೀರಿ. ಅದನ್ನು ನಾನು ಮಾಡಿಲ್ಲ. ನೋಟಿಸ್ ಅವಧಿ 60 ದಿನ. ರೆಸ್ಯೂಮೆ ಲಗತ್ತಿಸಿದೆ.”

ಇಲ್ಲಿ ತನ್ನನ್ನು ಬಣ್ಣಿಸುವ ಒಂದು ಗುಣವಾಚಕವೂ ಇಲ್ಲ. ಪ್ರಾಮಾಣಿಕ ಎಂದು ಹೇಳಿಕೊಂಡಿಲ್ಲ, ಆದರೆ ಮಾಡದ ಕೆಲಸವನ್ನು ಮಾಡಿಲ್ಲ ಎಂದಿದ್ದಾನೆ. ಇದು ಜಾಣತನವೇ ಎಂದು ಕೇಳುವವರಿದ್ದಾರೆ. ಜಾಹೀರಾತಿನಲ್ಲಿ ಹೆಸರಿಟ್ಟು ಕೇಳಿದ್ದರೆ ಮಾತ್ರ ಜಾಣತನ. ವಿತರಣೆಯಿಂದ ತಯಾರಿಕೆಗೆ ಬರುವವನಿಗೆ ಹೊರಗೆ ಮೆಷಿನಿಂಗಿಗೆ ಹೋದ ಮಾಲು, ಅದರ ಚಲನ್, ವಾಪಸು ಬಂದ ತೂಕ, ಉಳಿದ ಸ್ಕ್ರ್ಯಾಪ್ ಇವುಗಳ ಪರಿಚಯವಿಲ್ಲ ಎಂಬುದು ಸಂದರ್ಶನದ ಮೊದಲ ಪ್ರಶ್ನೆಗೇ ಹೊರಬರುತ್ತದೆ. ಆಗ ಬಯಲಾಗುವುದಕ್ಕಿಂತ ಈಗಲೇ ಹೇಳಿದರೆ ಉಳಿದ ಸಾಲುಗಳಿಗೆ ತೂಕ ಬರುತ್ತದೆ. ಕೇಳದೇ ಇರುವ ಕೊರತೆಗಳನ್ನು ಹುಡುಕಿ ಹುಡುಕಿ ಒಪ್ಪಿಸುವುದು ಮಾತ್ರ ಬೇಡ.

ತಾರೀಖಿನ ಸಾಲೇ ಈ ಪತ್ರದ ಬೆನ್ನೆಲುಬು. ಲೆಕ್ಕದ ಕೆಲಸ ತಿಂಗಳ ತಾರೀಖುಗಳ ಮೇಲೆ ನಡೆಯುತ್ತದೆ: 7ಕ್ಕೆ ಟಿಡಿಎಸ್ ಕಟ್ಟಬೇಕು, ತಿಂಗಳ ರಿಟರ್ನ್ ಹಾಕುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಈ ಗಡುವುಗಳನ್ನು ಪಾಲಿಸುವುದು ಕಾನೂನಿನ ಒತ್ತಾಯ. ಅದರಲ್ಲಿ ಹೆಚ್ಚುಗಾರಿಕೆ ಇಲ್ಲ. ಆದರೆ ತಿಂಗಳ ಲೆಕ್ಕವನ್ನು 8ರೊಳಗೆ ಮುಗಿಸು ಎಂದು ಯಾವ ಕಾನೂನೂ ಹೇಳುವುದಿಲ್ಲ. ಅದು ಆ ಮನುಷ್ಯ ಕಟ್ಟಿಕೊಂಡ ಶಿಸ್ತು. ಓದುವವನು ಲೆಕ್ಕ ಬಲ್ಲವನಾದರೆ ಕೂಡಲೇ ಊಹಿಸುತ್ತಾನೆ: ಬ್ಯಾಂಕ್ ರಿಕನ್ಸಿಲಿಯೇಷನ್ ಬಾಕಿ ಉಳಿಯುವುದಿಲ್ಲ, ಖರ್ಚಿನ ಪ್ರಾವಿಷನ್‌ಗಳನ್ನು ಮಾರ್ಚಿನವರೆಗೆ ಕಾಯಿಸುವುದಿಲ್ಲ. ಮತ್ತು ಆ ಒಂದು ಸಾಲನ್ನು ಹಿಡಿದು ಹತ್ತು ಪ್ರಶ್ನೆ ಕೇಳಬಹುದು.

ಇನ್ನೊಂದು ಬಗೆಯ ಇಮೇಲ್ ಈಚೆಗೆ ಹೆಚ್ಚುತ್ತಿದೆ. ಸಾಧನೆಯನ್ನು ಅಂಕಿಯಲ್ಲಿ ಹೇಳಬೇಕೆಂಬ ಸಲಹೆಯಿಂದ ಹುಟ್ಟಿದ್ದು. “38 ಲಕ್ಷ ರೂಪಾಯಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಉಳಿಸಿಕೊಟ್ಟೆ” ಎನ್ನುತ್ತದೆ ಅದು. ಓದಿದ ಸಿಎ ನಗುತ್ತಾರೆ. ಆ ಕ್ರೆಡಿಟ್ ಎಂದರೆ ಖರೀದಿಯ ವೇಳೆ ಸಪ್ಲೈಯರಿಗೆ ಸಂಸ್ಥೆ ಆಗಲೇ ಕೊಟ್ಟ ತೆರಿಗೆ. ಅದನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದು ಮಾಮೂಲು ಹಕ್ಕು. ಅಂಕಿ ನಿಜವಿರಬಹುದು, ‘ಉಳಿಸಿದೆ’ ಎನ್ನುವುದು ನಿಜವಲ್ಲ. ನಿಜವಾದ ಕೆಲಸ ಬೇರೆಡೆ ಇದೆ. ಸಪ್ಲೈಯರ್ ತನ್ನ ರಿಟರ್ನಿನಲ್ಲಿ ಬಿಲ್ ತೋರಿಸದಿದ್ದರೆ ಅದು ನಮ್ಮ 2ಬಿ ಪಟ್ಟಿಯಲ್ಲಿ ಬರುವುದಿಲ್ಲ. 2022ರ ಜನವರಿಯಿಂದ, ಅಲ್ಲಿ ಬಾರದ ಬಿಲ್ಲಿಗೆ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. 2ಬಿ ತಯಾರಾಗುವುದು 14ಕ್ಕೆ. ಕಾಣದ ಬಿಲ್ಲುಗಳನ್ನು ಪಟ್ಟಿ ಮಾಡಿ, ಸಪ್ಲೈಯರಿಗೆ ಫೋನ್ ಮಾಡಿ, ಮಾತು ಕೇಳದವನ ಮುಂದಿನ ಪೇಮೆಂಟಿನಲ್ಲಿ ಅಷ್ಟು ತೆರಿಗೆ ತಡೆಹಿಡಿಯುವಂತೆ ಮಾಲೀಕರನ್ನು ಒಪ್ಪಿಸುವುದು ಲೆಕ್ಕಿಗನ ಕಸುಬು. “2ಬಿಯಲ್ಲಿ ಬಾರದ ಬಿಲ್ಲುಗಳನ್ನು ಪ್ರತಿ ತಿಂಗಳು ಬೆನ್ನುಹತ್ತಿ ಬಗೆಹರಿಸುತ್ತೇನೆ” ಎಂಬ ಸಾಲು ಆ 38 ಲಕ್ಷಕ್ಕಿಂತ ಹೆಚ್ಚು ಹೇಳುತ್ತದೆ.

ಅಂಕಿಗೆ ಇನ್ನೊಂದು ಅಪಾಯವಿದೆ. ಈಗಿನ ಸಂಸ್ಥೆಯ ವಹಿವಾಟು, ಲಾಭದ ಪ್ರಮಾಣ, ಸಾಲದ ಮಿತಿ ಇವನ್ನು ಗುರುತಿಲ್ಲದವರ ಇನ್‌ಬಾಕ್ಸಿಗೆ ಬರೆದು ಕಳಿಸುವವನು ನಾಳೆ ನಮ್ಮದನ್ನೂ ಕಳಿಸುತ್ತಾನೆ ಎಂದು ಯಾವ ಮಾಲೀಕನಿಗೂ ಅನಿಸುತ್ತದೆ. ಕೆಲಸದ ಗಾತ್ರವನ್ನು ನೋಂದಣಿಗಳ ಸಂಖ್ಯೆ, ಶಾಖೆಗಳ ಸಂಖ್ಯೆ, ಕೈಕೆಳಗಿನ ಜನ ಇವುಗಳಿಂದ ತಿಳಿಸಬಹುದು, ಗುಟ್ಟೂ ಹೊರಬೀಳುವುದಿಲ್ಲ.

ಇಮೇಲ್ ಚಿಕ್ಕದಾದಷ್ಟೂ ಲಗತ್ತಿನ ಜತೆಗೆ ತಾಳೆಯಾಗುವುದು ಮುಖ್ಯ. ಇಮೇಲಿನಲ್ಲಿ 13 ವರ್ಷ ಎಂದಿದ್ದು, ರೆಸ್ಯೂಮೆಯ ತಾರೀಖುಗಳನ್ನು ಕೂಡಿದರೆ ಹನ್ನೊಂದೂವರೆ ಬಂದರೆ, ಬೇರೆ ಹುದ್ದೆಯಲ್ಲಿ ಅದು ಅಲಕ್ಷ್ಯ, ಇಲ್ಲಿ ಅನರ್ಹತೆ. ನಡುವೆ ಒಂದೂವರೆ ವರ್ಷ ಮನೆಯಲ್ಲಿದ್ದರೆ ಅದನ್ನು ರೆಸ್ಯೂಮೆಯಲ್ಲಿ ಒಂದು ಸಾಲಾಗಿ ಬರೆದರಾಯಿತು. “ಜಿಎಸ್‌ಟಿಯಲ್ಲಿ ಹತ್ತು ವರ್ಷದ ಅನುಭವ” ಎಂಬುದನ್ನೂ ನೋಡಿದ್ದೇನೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ರಂದು, ಆ ಮಾತು 2027ರ ಜುಲೈಗೆ ಮುಂಚೆ ನಿಜವಾಗುವುದಿಲ್ಲ. ಇನ್ನು ಕಡತಕ್ಕೆ `Resume_final_new(3).docx` ಎಂದು ಹೆಸರಿಡುವುದು, ಕೇಳದಿದ್ದರೂ ಆಧಾರ್ ಮತ್ತು ಪ್ಯಾನ್ ಪ್ರತಿ ಸೇರಿಸುವುದು ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಇಷ್ಟೆಲ್ಲ ಮಾಡಿದ ಇಮೇಲೂ ಎಲ್ಲ ಕಡೆ ನಡೆಯುವುದಿಲ್ಲ. ದೊಡ್ಡ ಕಂಪನಿಗಳ ಪೋರ್ಟಲಿನಲ್ಲಿ ರೆಸ್ಯೂಮೆ ಮಾತ್ರ ಒಳಗೆ ಹೋಗುತ್ತದೆ, ಆ ಎಂಟು ಸಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಅಲ್ಲಿ ಇದೇ ಮಾತುಗಳನ್ನು ರೆಸ್ಯೂಮೆಯ ನೆತ್ತಿಗೆ ಏರಿಸಬೇಕು. ಇದರ ನಿಜವಾದ ಓದುಗರು ಮಾಲೀಕ ಅಥವಾ ಅವರ ಆಡಿಟರ್ ತಾವೇ ಇಮೇಲ್ ತೆರೆಯುವ ಸಂಸ್ಥೆಗಳಲ್ಲಿ ಇದ್ದಾರೆ. ಅವರ ಕಣ್ಣು ಕೊನೆಗೆ ನಿಲ್ಲುವುದು ನೋಟಿಸ್ ಅವಧಿಯ ಮೇಲೆ. ಸೆಪ್ಟೆಂಬರ್ ನಡುವೆ ಒಬ್ಬ “ನಾಳೆಯೇ ಸೇರಬಲ್ಲೆ” ಎಂದು ಬರೆದರೆ, 30ಕ್ಕೆ ಸಲ್ಲಿಸಬೇಕಾದ ಟ್ಯಾಕ್ಸ್ ಆಡಿಟ್ ವರದಿಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬರುತ್ತಿದ್ದಾನೆಯೇ ಎಂಬ ಅನುಮಾನ ಬರುತ್ತದೆ. “ಆಡಿಟ್ ಮುಗಿಸಿಕೊಟ್ಟು ಅಕ್ಟೋಬರ್‌ನಲ್ಲಿ ಬರುತ್ತೇನೆ” ಎಂದವನಿಗೆ ಆ ಹುದ್ದೆ ಕೈತಪ್ಪಲೂಬಹುದು, ಏಕೆಂದರೆ ಇಲ್ಲಿಯ ಆಡಿಟ್‌ಗೂ ಆಗಲೇ ಒಬ್ಬರು ಬೇಕಾಗಿರುತ್ತಾರೆ.